ಮನೆಯ ಸರ್ವರ್‌ನಲ್ಲಿ ಕೋಡ್ ಎಡಿಟರ್: ಪೋರ್ಟ್ ತೆರೆಯದೆ ಟ್ಯಾಬ್‌ನಿಂದ ತಲುಪಿದ ಬಗೆ

ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಡಿಕೆ ಅಂಗಡಿ, ಪ್ರೆಸ್ಸು, ಔಷಧಿ ಅಂಗಡಿ, ಹೀಗೆ ಸುತ್ತಮುತ್ತಲಿನವರಿಗೆ ಸಣ್ಣಪುಟ್ಟ ಲೆಕ್ಕದ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ಬರೆಯುವುದು ಪೈಥಾನ್‌ನಲ್ಲಿ. ಅಮ್ಮನ ಚಿಕಿತ್ಸೆಗೆಂದು ಆಗಾಗ ಮಂಗಳೂರಿಗೆ ಹೋಗಬೇಕಾಗುತ್ತದೆ. ಆ ದಿನ ಪೂರ್ತಿ ಆಸ್ಪತ್ರೆಯ ಬೆಂಚಿನ ಮೇಲೆ. ಅಮ್ಮನ ಚೀಲ, ಫೈಲು, ಊಟದ ಡಬ್ಬಿ ಇವುಗಳ ಜೊತೆ ಲ್ಯಾಪ್‌ಟಾಪನ್ನೂ ಹೊರುವುದು ಕಷ್ಟ. ಹನ್ನೊಂದು ಇಂಚಿನ ಆಂಡ್ರಾಯ್ಡ್ ಟ್ಯಾಬ್, ಒಂದು ಬ್ಲೂಟೂತ್ ಕೀಬೋರ್ಡ್ ಇವೆರಡೇ ಆದರೆ ಹಗುರ. ಆದರೆ ನನ್ನ ಕೋಡ್, ಡೇಟಾಬೇಸ್, ಪೈಥಾನ್ ಎಲ್ಲಾ ಇರುವುದು ಮನೆಯಲ್ಲಿ.

ಹಾಗಾಗಿ ಎಡಿಟರನ್ನೇ ಮನೆಯ ಸರ್ವರ್‌ನಲ್ಲಿ ಓಡಿಸಿ, ಟ್ಯಾಬ್‌ನ ಬ್ರೌಸರ್‌ನಲ್ಲಿ ತೆರೆಯುವ ವ್ಯವಸ್ಥೆ ಮಾಡಿಕೊಂಡೆ. ಎಡಿಟರ್ ಹಾಕುವುದು ಸುಲಭ, ಅದಕ್ಕೆ ಹತ್ತು ನಿಮಿಷ ಸಾಕು. ಹೊರಗಿನಿಂದ ಅದನ್ನು ಭದ್ರವಾಗಿ ತಲುಪುವುದು ಹೇಗೆ ಎಂಬುದರಲ್ಲೇ ನಿಜವಾದ ಕೆಲಸ ಇರುವುದು. ಅದನ್ನೇ ಜಾಸ್ತಿ ಬರೆಯುತ್ತೇನೆ.

ಸರ್ವರ್ ಎಂದರೆ ನನ್ನ ಹಳೆಯ ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಅದರ ಮೇಲೆ ಡೆಬಿಯನ್. ಎಡಿಟರ್ ಕೋಡ್-ಸರ್ವರ್. ವಿಎಸ್ ಕೋಡ್‌ನ ತೆರೆದ ಮೂಲವನ್ನು ಬ್ರೌಸರ್‌ನಲ್ಲಿ ಓಡುವ ಹಾಗೆ ಮಾಡಿದ ತಂತ್ರಾಂಶ ಇದು, ಕೋಡರ್ ಎಂಬ ಕಂಪನಿಯದು. 1 ಜಿಬಿ ರ‍್ಯಾಮ್ ಮತ್ತು ಎರಡು ಕೋರ್ ಇದ್ದರೆ ಸಾಕು ಎಂದು ಅವರೇ ಹೇಳುತ್ತಾರೆ. ಹಾಕಿದ್ದು ಹೀಗೆ:

```
curl -fsSL https://code-server.dev/install.sh | sh
sudo systemctl enable --now code-server@$USER
```

ಎರಡನೆಯ ಸಾಲಿನಿಂದಾಗಿ ಲ್ಯಾಪ್‌ಟಾಪ್ ಆನ್ ಆದಾಗಲೆಲ್ಲಾ ಎಡಿಟರೂ ತಾನಾಗಿ ಶುರುವಾಗುತ್ತದೆ. ಸೆಟ್ಟಿಂಗ್ ಇರುವ ಫೈಲು `~/.config/code-server/config.yaml`. ಅದರಲ್ಲಿ ಇರುವುದು ನಾಲ್ಕೇ ಸಾಲು:

```
bind-addr: 127.0.0.1:8080
auth: password
password: (ಇಲ್ಲಿ ಪಾಸ್‌ವರ್ಡ್)
cert: false
```

ಪಾಸ್‌ವರ್ಡನ್ನು ಅದೇ ಹುಟ್ಟಿಸಿ ಇಟ್ಟಿರುತ್ತದೆ. ನಾನು ಅದನ್ನು ತೆಗೆದು ನೆನಪಿನಲ್ಲಿ ಉಳಿಯುವ ಒಂದು ಉದ್ದನೆಯ ವಾಕ್ಯ ಹಾಕಿದೆ. ಮೊದಲನೆಯ ಸಾಲನ್ನು ಮುಟ್ಟಲಿಲ್ಲ. 127.0.0.1 ಅಂದರೆ ಈ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆರೆಯಬೇಡ ಎಂದು ಅರ್ಥ. ಮನೆಯ ವೈಫೈಯಲ್ಲಿರುವ ಟ್ಯಾಬ್‌ಗೂ ಅದು ಸಿಗುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ಎಷ್ಟೋ ಸಲಹೆಗಳು ಇದನ್ನು 0.0.0.0 ಮಾಡಿ ಎನ್ನುತ್ತವೆ. ಟ್ಯಾಬ್‌ನಲ್ಲಿ ಕೂಡಲೇ ತೆರೆಯುತ್ತದೆ, ಸರಿ. ಆದರೆ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರ ಫೋನಿನಿಂದಲೂ ತೆರೆಯುತ್ತದೆ.

ಇನ್ನೊಂದು ಸುಲಭದ ದಾರಿಯೂ ಇದೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, 8080ನ್ನು ನೇರ ಇಂಟರ್ನೆಟ್‌ಗೆ ತೆರೆದಿಡುವುದು. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನನ್ನ ಭಾವನ ಹತ್ತಿರ ಈ ಬಗ್ಗೆ ಮಾತಾಡಿದೆ.

"ಅದರಲ್ಲಿ ಟರ್ಮಿನಲ್ ಉಂಟಲ್ಲ ಭಾವ?" ಎಂದು ಕೇಳಿದ.

"ಉಂಟು."

"ಹಾಗಾದರೆ ನೀವು ತೆರೆಯುವುದು ಎಡಿಟರ್ ಅಲ್ಲ, ಇಡೀ ಕಂಪ್ಯೂಟರ್. ಒಳಗೆ ಬಂದವನು ನಿಮ್ಮ ಹೆಸರಲ್ಲಿ ಏನು ಬೇಕಾದರೂ ಮಾಡಬಹುದು."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಕೋಡ್-ಸರ್ವರ್ ಪಾಸ್‌ವರ್ಡ್ ಪ್ರಯತ್ನಕ್ಕೆ ಮಿತಿ ಹಾಕುತ್ತದೆ. ನಿಮಿಷಕ್ಕೆ ಎರಡು, ಅದರ ಮೇಲೆ ಗಂಟೆಗೆ ಹನ್ನೆರಡು. ಊಹಿಸಿ ಊಹಿಸಿ ಒಳಗೆ ಬರುವವರನ್ನು ಇದು ತಡೆಯುತ್ತದೆ. ಆದರೆ ನಾಳೆ ಆ ತಂತ್ರಾಂಶದಲ್ಲೇ ಒಂದು ಕೊರತೆ ಕಂಡುಬಂದರೆ ಪಾಸ್‌ವರ್ಡ್ ಕೇಳುವ ಪುಟ ಅಡ್ಡ ನಿಲ್ಲುವುದಿಲ್ಲ. ಟರ್ಮಿನಲ್ ಇರುವ ಯಾವುದನ್ನೂ ಬೀದಿಗೆ ಮುಖ ಮಾಡಿ ಇಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನ ಇರಲಿಲ್ಲ, ಅದು ಬೇರೆ ಮಾತು. ಊರಿನ ಕೇಬಲ್‌ನವರ ಫೈಬರ್ ಕನೆಕ್ಷನ್ ನಮ್ಮದು. ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ ಎಂಬ ಜಾಗ ನೋಡಿದರೆ 100.70 ಎಂದು ಶುರುವಾಗುವ ವಿಳಾಸ ಇತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಕಂಪನಿಯವರು ತಮ್ಮೊಳಗೆ ಬಳಸಲು ಮೀಸಲಿಟ್ಟವು. ಎಷ್ಟೋ ಮನೆಗಳನ್ನು ಸೇರಿಸಿ ಹೊರಗೆ ಒಂದೇ ಐಪಿ ತೋರಿಸುತ್ತಾರೆ. ಇದನ್ನು ಸಿಜಿ-ನ್ಯಾಟ್ ಎನ್ನುತ್ತಾರೆ. ಹೊರಗಿನಿಂದ ಬಂದ ಕರೆ ನಮ್ಮ ರೂಟರ್‌ವರೆಗೆ ಬರುವುದೇ ಇಲ್ಲ, ಕಂಪನಿಯ ಕಡೆಯಲ್ಲೇ ನಿಂತುಬಿಡುತ್ತದೆ. ನಿಮ್ಮದೂ ಹಾಗೆಯೇ ಎಂದು ತಿಳಿಯಬೇಕಾದರೆ ರೂಟರ್‌ನಲ್ಲಿ ಕಾಣುವ ಐಪಿಯನ್ನೂ, ನಿಮ್ಮ ಐಪಿ ಯಾವುದು ಎಂದು ತೋರಿಸುವ ವೆಬ್‌ಸೈಟ್‌ನಲ್ಲಿ ಕಾಣುವ ಐಪಿಯನ್ನೂ ಹೋಲಿಸಿ. ಎರಡೂ ಬೇರೆ ಬೇರೆಯಾದರೆ ನೀವು ಹೀಗೆ ಒಂದು ಪದರದ ಹಿಂದೆ ಇದ್ದೀರಿ.

ಇದಕ್ಕೆ ನಾನು ಆರಿಸಿಕೊಂಡದ್ದು ಟೇಲ್‌ಸ್ಕೇಲ್. ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದ ಮೇಲೆ ಕಟ್ಟಿದ್ದು ಇದು. ಸರ್ವರ್‌ನಲ್ಲೂ ಟ್ಯಾಬ್‌ನಲ್ಲೂ ಹಾಕಿ, ಎರಡರಲ್ಲೂ ಒಂದೇ ಖಾತೆಯಿಂದ ಲಾಗಿನ್ ಆದರೆ ಅವೆರಡಕ್ಕೆ ಮಾತ್ರ ಸೇರಿದ ಒಂದು ಖಾಸಗಿ ಜಾಲ ಆಗುತ್ತದೆ. ಸಿಜಿ-ನ್ಯಾಟ್ ಇದ್ದರೂ ನಡೆಯುತ್ತದೆ, ಯಾಕೆಂದರೆ ಯಾರೂ ಹೊರಗಿನಿಂದ ಬಾಗಿಲು ತಟ್ಟುವುದಿಲ್ಲ. ಎರಡೂ ಕಡೆಯ ಯಂತ್ರಗಳು ತಾವೇ ಒಳಗಿನಿಂದ ಹೊರಗೆ ಮಾತಾಡಿ ಮಧ್ಯದಲ್ಲಿ ಸೇರುತ್ತವೆ. ನೇರವಾಗಿ ಸೇರಲು ಆಗದಿದ್ದರೆ ಟೇಲ್‌ಸ್ಕೇಲ್‌ನವರ ರಿಲೇ ಸರ್ವರ್ ಮೂಲಕ ಹಾದುಹೋಗುತ್ತವೆ. ಬೆಂಗಳೂರಿನಲ್ಲೂ ಅವರದೊಂದು ರಿಲೇ ಇದೆ. ರಿಲೇ ಆದರೂ ಒಳಗಿನ ವಿಷಯವನ್ನು ಅವರು ಓದಲಾರರು, ಬೀಗದ ಕೀ ಇರುವುದು ಎರಡು ತುದಿಗಳಲ್ಲಿ ಮಾತ್ರ.

```
curl -fsSL https://tailscale.com/install.sh | sh
sudo tailscale up
```

ಸರ್ವರ್‌ಗೆ 100ರಿಂದ ಶುರುವಾಗುವ ಒಂದು ವಿಳಾಸ ಸಿಕ್ಕಿತು. ಟ್ಯಾಬ್‌ಗೂ ಅಂಥದ್ದೇ ಇನ್ನೊಂದು. ಈ 100, ರೂಟರ್‌ನಲ್ಲಿ ಕಂಡ 100ರ ಬಳಗದ್ದೇ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಟೇಲ್‌ಸ್ಕೇಲ್ ತನ್ನ ಜಾಲಕ್ಕೂ ಅದೇ ಮೀಸಲು ವಿಳಾಸಗಳನ್ನು ಬಳಸುತ್ತದೆ, ಅಷ್ಟೇ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಸುರಂಗ ಸಿದ್ಧವಾಗಿದೆ. ಅದರೊಳಗೆ ಹೋಗುವುದೆಲ್ಲಾ ಗೂಢಲಿಪಿಯಲ್ಲೇ ಹೋಗುತ್ತದೆ. ಹಾಗಾದರೆ ಸುಮ್ನೆ `http://` ಹಾಕಿ 100ರ ವಿಳಾಸವನ್ನೂ 8080ನ್ನೂ ಬರೆದರೆ ಸಾಕಲ್ವಾ? ಮಧ್ಯದಲ್ಲಿ ಯಾರೂ ಕದಿಯಲಾರರು. ಭದ್ರತೆಯ ಲೆಕ್ಕದಲ್ಲಿ ಇದು ಸರಿಯೇ. ಪರೀಕ್ಷೆಗೆಂದು ಎಡಿಟರನ್ನು ಸ್ವಲ್ಪ ಹೊತ್ತು ಟೇಲ್‌ಸ್ಕೇಲ್ ವಿಳಾಸಕ್ಕೆ ಕಟ್ಟಿ ಟ್ಯಾಬ್‌ನಲ್ಲಿ ತೆರೆದು ನೋಡಿದೆ. ಪುಟ ಬಂತು, ಪಾಸ್‌ವರ್ಡ್ ಹಾಕಿದೆ, ಎಡಿಟರ್ ತೆರೆಯಿತು. ಬಲಗಡೆ ಕೆಳಗೆ ಒಂದು ಎಚ್ಚರಿಕೆ:

```
code-server is being accessed in an insecure context.
Web views, the clipboard, and other functionality may not work as expected.
```

ಹೇಳಿದ ಹಾಗೆಯೇ ಆಯಿತು. ಮಾರ್ಕ್‌ಡೌನ್ ಫೈಲಿನ ಪ್ರಿವ್ಯೂ ತೆರೆದರೆ ಬಿಳಿ ಖಾಲಿ ಜಾಗ. ಎಡಿಟರ್‌ನಲ್ಲಿ ಪೇಸ್ಟ್ ಒತ್ತಿದರೆ ಏನೂ ಬರುವುದಿಲ್ಲ. ಹೋಮ್ ಸ್ಕ್ರೀನ್‌ಗೆ ಆ್ಯಪ್ ತರಹ ಇನ್‌ಸ್ಟಾಲ್ ಮಾಡುವ ಆಯ್ಕೆಯೂ ಇಲ್ಲ. ಮೊದಲಿನ ಹಾಗೆ 127.0.0.1ಕ್ಕೆ ಕಟ್ಟಿದ್ದಾಗ ಸರ್ವರ್‌ನಲ್ಲೇ ಕೂತು `http://localhost:8080` ತೆರೆದರೆ ಇದೆಲ್ಲಾ ಸರಿಯಾಗಿ ನಡೆಯುತ್ತದೆ. ಅದೇ ಎಡಿಟರ್, ಅದೇ `http`, ಆದರೆ ಬೇರೆ ಫಲ.

ಇದರ ಕಾರಣ ಇರುವುದು ಬ್ರೌಸರ್‌ನಲ್ಲಿ. ಕೆಲವು ಸೌಲಭ್ಯಗಳನ್ನು ಬ್ರೌಸರ್ ಭದ್ರ ಸಂದರ್ಭದಲ್ಲಿ ಮಾತ್ರ ಕೊಡುತ್ತದೆ. ಕ್ಲಿಪ್‌ಬೋರ್ಡ್ ಓದುವುದು ಒಂದು. ಸರ್ವಿಸ್ ವರ್ಕರ್ ಎಂದು ಕರೆಯುವ, ಪುಟದ ಹಿಂದೆ ನಿಂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ ಇನ್ನೊಂದು. ವಿಎಸ್ ಕೋಡ್‌ನ ಪ್ರಿವ್ಯೂ ಕಿಟಕಿಗಳು ನಿಂತಿರುವುದು ಈ ಸರ್ವಿಸ್ ವರ್ಕರ್ ಮೇಲೆಯೇ. ಭದ್ರ ಸಂದರ್ಭ ಎಂದು ಬ್ರೌಸರ್ ಒಪ್ಪಬೇಕಾದರೆ ವಿಳಾಸ ಒಂದೋ `https` ಆಗಿರಬೇಕು, ಇಲ್ಲವೇ ಲೋಕಲ್‌ಹೋಸ್ಟ್ ಆಗಿರಬೇಕು. ಕೆಳಗೆ ವೈರ್‌ಗಾರ್ಡ್ ಸುರಂಗ ಇದೆ ಎಂಬುದು ಬ್ರೌಸರ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೆ ಕಾಣುವುದು ವಿಳಾಸದ ಮೊದಲ ಅಕ್ಷರಗಳು ಮಾತ್ರ. ಹಾಗಾಗಿ ಸುರಂಗ ಎಷ್ಟೇ ಗಟ್ಟಿ ಇದ್ದರೂ ಬ್ರೌಸರ್‌ನ ತೃಪ್ತಿಗಾಗಿಯಾದರೂ ನಿಜವಾದ ಸರ್ಟಿಫಿಕೇಟ್ ಬೇಕೇ ಬೇಕು.

ನಾವೇ ಸಹಿ ಹಾಕಿದ ಸರ್ಟಿಫಿಕೇಟ್ ಬಳಸಬಹುದು. `cert: true` ಎಂದು ಬರೆದರೆ ಕೋಡ್-ಸರ್ವರ್ ಅದನ್ನು ತಾನೇ ಮಾಡಿಕೊಡುತ್ತದೆ. ಆದರೆ ಟ್ಯಾಬ್‌ನ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಮುಂದುವರಿ ಎಂದು ಒತ್ತಿದರೂ ಸರ್ವಿಸ್ ವರ್ಕರ್ ನಂಬದ ಸರ್ಟಿಫಿಕೇಟ್ ಮೇಲೆ ನೋಂದಣಿ ಆಗುವುದಿಲ್ಲ. ಐಪ್ಯಾಡ್ ಇದ್ದವರಿಗೆ ಇನ್ನೂ ಕಷ್ಟ, ಅಲ್ಲಿ ಎಡಿಟರ್ ಮತ್ತು ಸರ್ವರ್ ನಡುವಿನ ವೆಬ್‌ಸಾಕೆಟ್ ಕೂಡ ಸುಲಭದಲ್ಲಿ ಒಪ್ಪುವುದಿಲ್ಲ. ಅದರ ಹಿಂದೆ ಬೀಳುವುದು ಬೇಡ ಎಂದು ಬಿಟ್ಟೆ.

ಟೇಲ್‌ಸ್ಕೇಲ್‌ನಲ್ಲೇ ಇದಕ್ಕೆ ದಾರಿ ಇದೆ. ಅದು ಪ್ರತಿ ಯಂತ್ರಕ್ಕೂ `ts.net` ಎಂದು ಕೊನೆಯಾಗುವ ಒಂದು ಹೆಸರು ಕೊಡುತ್ತದೆ. ಆ ಹೆಸರಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಎಲ್ಲಾ ಬ್ರೌಸರ್‌ಗಳೂ ನಂಬುವ ಸರ್ಟಿಫಿಕೇಟ್ ತರಿಸಿಕೊಳ್ಳಬಹುದು. ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಡಿಎನ್‌ಎಸ್ ವಿಭಾಗಕ್ಕೆ ಹೋಗಿ ಮ್ಯಾಜಿಕ್‌ಡಿಎನ್‌ಎಸ್ ಮತ್ತು ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಎರಡನ್ನೂ ಆನ್ ಮಾಡಬೇಕು.

ಆನ್ ಮಾಡುವ ಮೊದಲು ಒಂದು ಮಾತು. ಹೀಗೆ ಕೊಟ್ಟ ಪ್ರತಿ ಸರ್ಟಿಫಿಕೇಟ್‌ನ ಹೆಸರೂ ಸಾರ್ವಜನಿಕ ದಾಖಲೆಯಲ್ಲಿ ಸೇರುತ್ತದೆ. ಯಾರು ಬೇಕಾದರೂ ಹುಡುಕಿ ನೋಡಬಹುದು, ಆಮೇಲೆ ಅಳಿಸಲು ಬರುವುದಿಲ್ಲ. ಹೆಸರು ಕಂಡ ಮಾತ್ರಕ್ಕೆ ಒಳಗೆ ಬರಲಾಗದು ನಿಜ. ಆದರೆ ಯಂತ್ರದ ಹೆಸರಿನಲ್ಲಿ ನಮ್ಮ ಹೆಸರು, ಊರು, ಗಿರಾಕಿಯ ಅಂಗಡಿಯ ಹೆಸರು ಇವೆಲ್ಲಾ ಇದ್ದರೆ ಅದೂ ಜಗಜ್ಜಾಹೀರಾಗುತ್ತದೆ. ನಾನು ಯಂತ್ರಕ್ಕೆ ಮೊದಲೇ `mane` ಎಂದು ಹೆಸರು ಬದಲಿಸಿ, ಆಮೇಲೆ ಸರ್ಟಿಫಿಕೇಟ್ ತರಿಸಿದೆ.

ಎಡಿಟರನ್ನು ಮತ್ತೆ 127.0.0.1ಕ್ಕೆ ಕಟ್ಟಿ, ಒಂದೇ ಒಂದು ಆಜ್ಞೆ ಕೊಟ್ಟೆ:

```
sudo tailscale serve --bg 8080
```

ಇದು ಮಾಡುವುದು ಇಷ್ಟು. ನಮ್ಮ ಖಾಸಗಿ ಜಾಲದೊಳಗಿಂದ `https` ಮೂಲಕ ಬಂದವರನ್ನು ತಾನು ಬರಮಾಡಿಕೊಂಡು, ಸರ್ಟಿಫಿಕೇಟ್ ತೋರಿಸಿ, ಒಳಗೆ 8080ಕ್ಕೆ ದಾಟಿಸುತ್ತದೆ. ಎಡಿಟರ್ ಲೋಕಲ್‌ಹೋಸ್ಟ್ ಬಿಟ್ಟು ಹೊರಗೆ ಬರಬೇಕಾಗಿಲ್ಲ. `--bg` ಹಾಕಿದ್ದರಿಂದ ಲ್ಯಾಪ್‌ಟಾಪ್ ಮತ್ತೆ ಆನ್ ಆದರೂ ಇದು ಉಳಿದಿರುತ್ತದೆ. ಸರ್ಟಿಫಿಕೇಟ್‌ನ ಆಯುಷ್ಯ 90 ದಿನ, ನವೀಕರಣವನ್ನೂ ಅದೇ ನೋಡಿಕೊಳ್ಳುತ್ತದೆ. ಮೊದಲ ಸಲ ತೆರೆಯುವಾಗ ಕೆಲವು ಸೆಕೆಂಡ್ ಖಾಲಿ ಪುಟ ಕಾಣುತ್ತದೆ. ಸರ್ಟಿಫಿಕೇಟ್ ತರುತ್ತಿರುತ್ತದೆ, ಕಾಯಬೇಕು.

ಟೇಲ್‌ಸ್ಕೇಲ್‌ನಲ್ಲಿ ಇದರ ಪಕ್ಕದಲ್ಲೇ `funnel` ಎಂಬ ಇನ್ನೊಂದು ಆಜ್ಞೆ ಇದೆ. ನೋಡಲು ಒಂದೇ ತರಹ, ಕೆಲಸ ಪೂರ್ತಿ ಬೇರೆ. ಅದು ಇಡೀ ಇಂಟರ್ನೆಟ್‌ಗೆ ತೆರೆಯುತ್ತದೆ. ಯಾವುದು ನಡೆಯುತ್ತಿದೆ ಎಂದು ಅನುಮಾನ ಇದ್ದರೆ `tailscale serve status` ಎಂದು ಕೇಳಿ ನೋಡಿ.

ಟ್ಯಾಬ್‌ನಲ್ಲಿ ಈಗ `https://mane` ಎಂದು ಶುರುವಾಗುವ ವಿಳಾಸ ತೆರೆದೆ. ಎಚ್ಚರಿಕೆ ಇಲ್ಲ. ಮಾರ್ಕ್‌ಡೌನ್ ಪ್ರಿವ್ಯೂ ಬಂತು. ಪೇಸ್ಟ್ ಆಯಿತು. ಕ್ರೋಮ್‌ನ ಮೆನುವಿನಲ್ಲಿ ಇನ್‌ಸ್ಟಾಲ್ ಮಾಡುವ ಆಯ್ಕೆಯೂ ಬಂತು. ಹಾಗೆ ಇನ್‌ಸ್ಟಾಲ್ ಮಾಡಿಕೊಳ್ಳುವುದು ಒಳ್ಳೆಯದು. ವಿಳಾಸದ ಪಟ್ಟಿ ಹೋಗಿ ಕೋಡ್‌ಗೆ ಎರಡು ಮೂರು ಸಾಲು ಜಾಗ ಜಾಸ್ತಿ ಸಿಗುತ್ತದೆ, ಹತ್ತಾರು ಟ್ಯಾಬ್‌ಗಳ ನಡುವೆ ಹುಡುಕುವ ಕೆಲಸವೂ ಇಲ್ಲ.

ಭದ್ರವಾಗಿದೆಯೋ ಎಂದು ನಂಬಿಕೆಯ ಮೇಲೆ ಬಿಡಬಾರದು, ನೋಡಿಯೇ ತಿಳಿಯಬೇಕು. ಸರ್ವರ್‌ನಲ್ಲಿ ಇದನ್ನು ಓಡಿಸಿದೆ:

```
ss -tln | grep 8080
```

ಬಂದ ಸಾಲಿನಲ್ಲಿ `127.0.0.1:8080` ಎಂದು ಮಾತ್ರ ಇರಬೇಕು. `0.0.0.0` ಅಥವಾ `*` ಕಂಡರೆ ಮನೆಯ ಜಾಲಕ್ಕೆಲ್ಲಾ ತೆರೆದಿದೆ ಎಂದರ್ಥ. ಆಮೇಲೆ ಟ್ಯಾಬ್‌ನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಹಾಕಿ, ಟೇಲ್‌ಸ್ಕೇಲನ್ನೂ ಆಫ್ ಮಾಡಿ ಅದೇ ವಿಳಾಸ ತೆರೆದೆ. ತೆರೆಯಲಿಲ್ಲ. ಟೇಲ್‌ಸ್ಕೇಲ್ ಆನ್ ಮಾಡಿದ ಕೂಡಲೇ ತೆರೆಯಿತು. ಈ ಎರಡೂ ಪರೀಕ್ಷೆ ಬೇಕು. ತೆರೆಯಬಾರದಾಗ ತೆರೆಯದೇ ಇರುವುದನ್ನು ನೋಡದಿದ್ದರೆ, ತೆರೆದದ್ದನ್ನು ನೋಡಿ ಏನೂ ತಿಳಿದ ಹಾಗಾಗುವುದಿಲ್ಲ.

ಸುರಂಗ ಆಯಿತು, ಆದರೂ ಪಾಸ್‌ವರ್ಡ್ ತೆಗೆಯಲಿಲ್ಲ. `auth: none` ಮಾಡಿದರೆ ನಡೆಯುತ್ತದೆ, ಹೇಗೂ ಖಾಸಗಿ ಜಾಲ ಎನ್ನುವವರಿದ್ದಾರೆ. ನನ್ನ ಜಾಲದಲ್ಲಿ ಫೋನೂ ಇದೆ, ಮನೆಯವರ ಫೋನೂ ಇದೆ. ಅದರಲ್ಲಿ ಯಾವುದಾದರೂ ಒಂದು ಬೇರೆಯವರ ಕೈಗೆ ಹೋದರೆ ಟರ್ಮಿನಲ್ ನೇರ ಅವರ ಎದುರಿಗೆ. ಪಾಸ್‌ವರ್ಡ್ ಒಂದು ಇರಲಿ.

ಇನ್ನು ದಾರಿಯಲ್ಲಿ ಹೇಗೆ ನಡೆಯುತ್ತದೆ ಎಂದು. ಕುಂಬಳೆಯಲ್ಲಿ ರೈಲು ಹತ್ತಿದರೆ ಉಪ್ಪಳ, ಮಂಜೇಶ್ವರ ದಾಟಿ ಮಂಗಳೂರು. ನಡುವೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಅಷ್ಟಾದರೂ ಕೋಡ್ ಟೈಪ್ ಮಾಡುವಾಗ ತಡವರಿಕೆ ಇಲ್ಲ. ದೂರದ ಕಂಪ್ಯೂಟರ್‌ನ ಪರದೆಯನ್ನೇ ತರಿಸಿಕೊಳ್ಳುವ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಂದೊಂದು ಅಕ್ಷರವೂ ಮನೆಗೆ ಹೋಗಿ ಬರಬೇಕು. ಇಲ್ಲಿ ಎಡಿಟರ್‌ನ ಟೈಪ್ ಮಾಡುವ ಭಾಗ ಓಡುವುದು ಟ್ಯಾಬ್‌ನ ಬ್ರೌಸರ್‌ನಲ್ಲೇ. ಫೈಲು ತೆರೆಯಲು, ಉಳಿಸಲು, ಹುಡುಕಲು ಮಾತ್ರ ಮನೆಗೆ ಹೋಗುತ್ತದೆ. ಟರ್ಮಿನಲ್ ಹಾಗಲ್ಲ. ಅಲ್ಲಿ ಒತ್ತಿದ ಪ್ರತಿ ಅಕ್ಷರವೂ ಮನೆಗೆ ಹೋಗಿ ಬಂದ ಮೇಲೆಯೇ ಕಾಣುವುದು. ಟೈಪ್ ಮಾಡುವುದು ಚುರುಕಾಗಿದ್ದು ಟರ್ಮಿನಲ್ ಮಾತ್ರ ನಿಧಾನ ಎನಿಸಿದರೆ ತೊಂದರೆ ಇರುವುದು ಜಾಲದಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಅಲ್ಲ.

ಆಗ ಸರ್ವರ್‌ನಿಂದ ಟ್ಯಾಬ್‌ಗೆ `tailscale ping` ಮಾಡಿ ನೋಡಬಹುದು. ಉತ್ತರದಲ್ಲಿ `via DERP(blr)` ಎಂದು ಇದ್ದರೆ ಬೆಂಗಳೂರಿನ ರಿಲೇ ಮೂಲಕ ಹಾದುಬರುತ್ತಿದೆ. ಅದರ ಬದಲು ಒಂದು ಐಪಿ ಮತ್ತು ಪೋರ್ಟ್ ಕಂಡರೆ ನೇರ ಸಂಪರ್ಕ. ಮೊದಲೆರಡು ಉತ್ತರ ರಿಲೇ ಮೂಲಕ ಬಂದು, ಆಮೇಲಿನದು ನೇರ ಆಗುವುದು ಸಾಮಾನ್ಯ. ನನಗೆ ಆಸ್ಪತ್ರೆಯ ವೈಫೈಯಲ್ಲಿ ರಿಲೇಯಲ್ಲೇ ಉಳಿದುಬಿಡುತ್ತದೆ, ಮೊಬೈಲ್ ಡೇಟಾದಲ್ಲಿ ಹೆಚ್ಚಾಗಿ ನೇರ ಆಗುತ್ತದೆ. ರಿಲೇ ಆದರೂ ಕೆಲಸ ನಿಲ್ಲುವುದಿಲ್ಲ.

ಟ್ಯಾಬ್ ಮುಚ್ಚಿ ಅಮ್ಮನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿ ಬಂದರೆ ಎಡಿಟರ್ ಮತ್ತೆ ಸಂಪರ್ಕ ಹುಡುಕುತ್ತಿರುತ್ತದೆ. ಕೆಲವೊಮ್ಮೆ ಪುಟವನ್ನೇ ಮತ್ತೆ ಲೋಡ್ ಮಾಡಬೇಕು. ಹಿನ್ನೆಲೆಗೆ ಹೋದ ಪುಟವನ್ನು ಆಂಡ್ರಾಯ್ಡ್ ನಿದ್ದೆಗೆ ಹಾಕುವುದು ಇದಕ್ಕೆ ಕಾರಣ. ತುಂಬಾ ಹೊತ್ತು ಓಡಬೇಕಾದ ಕೆಲಸ ಇದ್ದರೆ ನಾನು ಟರ್ಮಿನಲ್‌ನಲ್ಲಿ ಮೊದಲು `tmux` ಎಂದು ಬರೆದು, ಅದರೊಳಗೆ ಓಡಿಸುತ್ತೇನೆ. ಬ್ರೌಸರ್ ಹೋದರೂ ಕೆಲಸ ಮನೆಯಲ್ಲಿ ನಡೆಯುತ್ತಿರುತ್ತದೆ. ಬಂದ ಮೇಲೆ `tmux attach` ಎಂದರೆ ಬಿಟ್ಟಲ್ಲಿಂದಲೇ ಸಿಗುತ್ತದೆ.

ಒಂದು ದಿನದ ಕೆಲಸ ಹೇಳಿದರೆ ಇದೆಲ್ಲಾ ಸೇರಿ ಹೇಗಾಗುತ್ತದೆ ಎಂದು ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ಇದ್ದಾಗ ಅಡಿಕೆ ಅಂಗಡಿಯವರ ಫೋನ್ ಬಂತು. "ಮಾಸ್ಟ್ರೇ, ಪಟೋರ, ಕರಿಗೋಟಿಗೆಲ್ಲಾ ಇನ್ನು ಗ್ರಾಂ ಲೆಕ್ಕವೂ ಬೇಕು. ಬರೀ ಕಿಲೋ ಸಾಲದು" ಎಂದರು. ಅಡಿಕೆಯ ಬಗೆ, ತೂಕ, ದರ ಹಾಕಿದರೆ ಚೀಟಿ ಕೊಡುವ ಸಣ್ಣ ಫ್ಲಾಸ್ಕ್ ಪ್ರೋಗ್ರಾಂ ಅವರದು. ಇಡೀ ಕಿಲೋ ಲೆಕ್ಕ ಸಾಕು ಎಂದು ಅವರೇ ಹೇಳಿದ್ದರಿಂದ ಹಾಗೆ ಬರೆದದ್ದು. ಬದಲಿಸಬೇಕಾದದ್ದು ಎರಡು ಕಡೆ:

```
tuka = Decimal(request.form["tuka"])
<input type="number" name="tuka" step="0.001">
```

ಮೊದಲನೆಯದರಲ್ಲಿ `int` ಇತ್ತು. ದುಡ್ಡಿನ ಲೆಕ್ಕಕ್ಕೆ ಹೋಗುವ ತೂಕ ಆದ್ದರಿಂದ `float` ಬೇಡ, `Decimal` ಬೇಕು. ಫೈಲಿನ ಮೇಲ್ಭಾಗದಲ್ಲಿ `from decimal import Decimal` ಇರಬೇಕು. ಎರಡನೆಯದನ್ನು ಬಿಡುವ ಹಾಗಿಲ್ಲ. `step` ಹೇಳದಿದ್ದರೆ ಬ್ರೌಸರ್ ಅದನ್ನು 1 ಎಂದೇ ತಿಳಿದು, 12.250 ಎಂದು ಹಾಕಿದರೆ ಚೀಟಿ ಕಳಿಸಲು ಬಿಡುವುದಿಲ್ಲ.

ಈಗ ಓಡಿಸಿ ನೋಡಬೇಕು. ಫ್ಲಾಸ್ಕ್ ಓಡುವುದು ಮನೆಯಲ್ಲಿ, 5000ನೇ ಪೋರ್ಟ್‌ನಲ್ಲಿ. ಕೋಡ್-ಸರ್ವರ್‌ನಲ್ಲಿ ಇದಕ್ಕೊಂದು ಒಳದಾರಿ ಇದೆ. ಎಡಿಟರ್‌ನ ವಿಳಾಸದ ಕೊನೆಗೆ `/proxy/5000/` ಎಂದು ಸೇರಿಸಿದರೆ ಆ ಪ್ರೋಗ್ರಾಂ ಕಾಣುತ್ತದೆ. ಮೊದಲ ಪುಟ ಚೆನ್ನಾಗಿಯೇ ಬರುತ್ತದೆ. ಆದರೆ ಉಳಿಸು ಗುಂಡಿ ಒತ್ತಿದರೆ ಪುಟ ಸಿಗಲಿಲ್ಲ ಎನ್ನುತ್ತದೆ. ಯಾಕೆಂದರೆ ಫಾರ್ಮ್ ಹೋಗುವ ವಿಳಾಸ `/ulisu` ಎಂದು ಓರೆಗೆರೆಯಿಂದ ಶುರುವಾಗುತ್ತದೆ. ಬ್ರೌಸರ್ ಅದನ್ನು ವಿಳಾಸದ ಬುಡದಿಂದ ಹುಡುಕುತ್ತದೆ, ಬುಡದಲ್ಲಿ ಇರುವುದು ಎಡಿಟರ್. ಫ್ಲಾಸ್ಕ್‌ನ `url_for` ಕೊಡುವ ವಿಳಾಸಗಳೂ ಇದೇ ತರಹದವು. ಅಂಗಡಿಯಲ್ಲಿ ಸರಿಯಾಗಿ ಓಡುವ ಕೋಡನ್ನು ನನ್ನ ಪ್ರಿವ್ಯೂಗಾಗಿ ತಿದ್ದುವುದು ಸರಿಯಲ್ಲ. ಅದಕ್ಕೇ ಬುಡವನ್ನೇ ಬೇರೆ ಕೊಟ್ಟೆ:

```
sudo tailscale serve --bg --https=8443 5000
```

ಅದೇ ಹೆಸರಿನ ಕೊನೆಗೆ `:8443` ಹಾಕಿದರೆ ಈಗ ಫ್ಲಾಸ್ಕ್ ಮಾತ್ರ ಇರುವ ಪುಟ. ಕರಿಗೋಟು 12.250 ಕಿಲೋ ಎಂದು ಹಾಕಿ ಉಳಿಸಿದೆ, ಚೀಟಿಯಲ್ಲಿ ಮೊತ್ತ ಸರಿ ಬಂತು. ಗಿಟ್‌ಗೆ ಕಳಿಸಿದೆ, ಅಂಗಡಿಯ ಕಂಪ್ಯೂಟರ್ ಅದನ್ನು ಎಳೆದುಕೊಂಡಿತು. ಈ ಎರಡನೆಯ ಬಾಗಿಲಿಗೆ ಎಡಿಟರ್‌ನ ಪಾಸ್‌ವರ್ಡ್ ಕಾವಲು ಇಲ್ಲ, ಜಾಲದಲ್ಲಿರುವ ಯಾವ ಯಂತ್ರವೂ ತೆರೆಯಬಹುದು. ಹಾಗಾಗಿ ಕೆಲಸ ಮುಗಿದ ಕೂಡಲೇ ಮುಚ್ಚುತ್ತೇನೆ:

```
sudo tailscale serve --https=8443 off
```

ಕನ್ನಡದ ವಿಷಯ ಒಂದು ಹೇಳಬೇಕು. ಚೀಟಿಯಲ್ಲಿ ಎಲ್ಲಾ ಕನ್ನಡವೇ ಇರುವುದರಿಂದ ನನ್ನ ಕೋಡ್‌ನೊಳಗೂ ಕನ್ನಡ ಬರುತ್ತದೆ. ಅಕ್ಷರ ಮೂಡಿಸುವುದು ಟ್ಯಾಬ್, ಸರ್ವರ್ ಅಲ್ಲ. ಸರ್ವರ್‌ನಲ್ಲಿ ಕನ್ನಡ ಫಾಂಟ್ ಹಾಕಿ ಪ್ರಯೋಜನ ಇಲ್ಲ, ಟ್ಯಾಬ್‌ನಲ್ಲಿರುವ ಫಾಂಟೇ ಬಳಕೆಯಾಗುತ್ತದೆ. ಎಡಿಟರ್ ಒಳಗೆ ಒತ್ತಕ್ಷರ ಎಲ್ಲಾ ಸರಿಯಾಗಿ ಕೂರುತ್ತದೆ. ಟರ್ಮಿನಲ್‌ನಲ್ಲಿ ಮಾತ್ರ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಎಂಬ ಲೆಕ್ಕ. ಅಲ್ಲಿ 'ಉಳ್ಳಿ' ಎಂದು ಅಚ್ಚು ಮಾಡಿಸಿದರೆ ಒತ್ತು ಬಿಟ್ಟುಹೋಗಿ ಒಡೆದು ಕಾಣುತ್ತದೆ. ಡೇಟಾ ಕೆಟ್ಟಿದೆ ಎಂದು ಹೆದರಬೇಕಾಗಿಲ್ಲ. ಅದನ್ನೇ ಒಂದು ಫೈಲಿಗೆ ಹಾಕಿ ಎಡಿಟರ್‌ನಲ್ಲಿ ತೆರೆದರೆ ಸರಿಯಾಗಿಯೇ ಇರುತ್ತದೆ.

ಎಕ್ಸ್‌ಟೆನ್ಷನ್‌ಗಳು ಇಲ್ಲಿ ಬರುವುದು ಓಪನ್ ವಿಎಸ್‌ಎಕ್ಸ್ ಎಂಬ ಭಂಡಾರದಿಂದ. ಮೈಕ್ರೋಸಾಫ್ಟ್ ತನ್ನ ಭಂಡಾರವನ್ನು ತನ್ನ ಉತ್ಪನ್ನಗಳಿಗೆ ಮಾತ್ರ ಮೀಸಲಿಟ್ಟಿದೆ. ಪೈಥಾನ್‌ಗೆ ಪೈಲಾನ್ಸ್ ಸಿಗುವುದಿಲ್ಲ, ಅದರ ಬದಲು ಪೈರೈಟ್ ಹಾಕಿದೆ. ನನ್ನ ಕೆಲಸಕ್ಕೆ ಸಾಕು.

ಲ್ಯಾಪ್‌ಟಾಪನ್ನು ಸರ್ವರ್ ಮಾಡಿದರೆ ಮುಚ್ಚಳ ಮುಚ್ಚಿದಾಗ ಮಲಗಬಾರದು. `/etc/systemd/logind.conf` ಫೈಲಿನಲ್ಲಿ `HandleLidSwitch=ignore` ಎಂದು ಬರೆದು ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು. ನಮ್ಮಲ್ಲಿ ಗುಡುಗು ಶುರುವಾದರೆ ಅಪ್ಪ ಮೊದಲು ಮಾಡುವ ಕೆಲಸ ಎಲ್ಲಾ ಪ್ಲಗ್ ಕಿತ್ತುಹಾಕುವುದು. ಅದು ಸರಿಯೇ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ. ಆದರೆ ರೂಟರ್ ಮತ್ತು ಫೈಬರ್ ಡಬ್ಬಿ ಆರಿದರೆ ಏನೂ ಸಿಗದು. ಅವೆರಡಕ್ಕೂ ಒಂದು ಸಣ್ಣ ಯುಪಿಎಸ್ ತಂದೆ. ತರುವ ಮೊದಲು ಎರಡರ ಅಡಾಪ್ಟರ್ ಮೇಲೂ ಎಷ್ಟು ವೋಲ್ಟ್ ಎಂದು ನೋಡಬೇಕು. ನಮ್ಮಲ್ಲಿ ಎರಡೂ 12 ವೋಲ್ಟ್ ಇದ್ದದ್ದರಿಂದ ಒಂದೇ ಸಾಕಾಯಿತು, ಕೆಲವು ರೂಟರ್‌ಗಳದ್ದು 9 ವೋಲ್ಟ್ ಇರುತ್ತದೆ. ಸದಾ ಚಾರ್ಜರ್‌ನಲ್ಲೇ ಇರುವ ಹಳೆಯ ಬ್ಯಾಟರಿ ಉಬ್ಬುವುದುಂಟು. ತಳಭಾಗ ಎದ್ದಿದೆಯೋ, ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದೆಯೋ ಎಂದು ಆಗಾಗ ನೋಡುತ್ತೇನೆ. ಹಾಗೆ ಕಂಡರೆ ಬ್ಯಾಟರಿ ತೆಗೆಸಲೇಬೇಕು.

ಬ್ಯಾಟರಿ ಪೂರ್ತಿ ಇಳಿದು ಲ್ಯಾಪ್‌ಟಾಪ್ ಆರಿದರೆ ಕರೆಂಟು ಬಂದ ಮೇಲೆ ಅದು ತಾನಾಗಿ ಏಳುವುದಿಲ್ಲ. ಅಪ್ಪನಿಗೆ ಫೋನ್ ಮಾಡಿ ಗುಂಡಿ ಒತ್ತಲು ಹೇಳಬೇಕು. ಅದಾದ ಮೇಲೆ ಅವರು ಏನೂ ಮಾಡಬೇಕಾಗಿಲ್ಲ. ಟೇಲ್‌ಸ್ಕೇಲ್, ಎಡಿಟರ್, ಸರ್ವ್ ಮೂರೂ ತಾವಾಗಿ ಶುರುವಾಗುತ್ತವೆ.

ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಇನ್ನೊಂದು ಕೆಲಸ ಉಂಟು. ಪ್ರತಿ ಯಂತ್ರದ ಕೀಗೂ ಅವಧಿ ಇರುತ್ತದೆ, ನಾವು ಏನೂ ಬದಲಿಸದಿದ್ದರೆ 180 ದಿನ. ಅದು ಮುಗಿದರೆ ಸರ್ವರ್ ಜಾಲದಿಂದ ಹೊರಬೀಳುತ್ತದೆ, ಮತ್ತೆ ಲಾಗಿನ್ ಮಾಡಲು ಮನೆಯಲ್ಲೇ ಇರಬೇಕು. ಸರ್ವರ್‌ಗೆ ಮಾತ್ರ ಈ ಅವಧಿಯನ್ನು ಆಫ್ ಮಾಡಿಟ್ಟೆ. ಟ್ಯಾಬ್‌ಗೆ ಆಫ್ ಮಾಡಲಿಲ್ಲ. ಊರೂರು ಸುತ್ತುವ ವಸ್ತು ಅದು, ಆಗಾಗ ಲಾಗಿನ್ ಕೇಳುವುದೇ ಒಳ್ಳೆಯದು. ರೈಲಿನಲ್ಲೋ ಬಸ್ಸಿನಲ್ಲೋ ಟ್ಯಾಬ್ ಕಳೆದುಹೋದರೆ ಏನು ಮಾಡಬೇಕೆಂದು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಫೋನಿನಿಂದ ಅಡ್ಮಿನ್ ಪುಟಕ್ಕೆ ಹೋಗಿ ಟ್ಯಾಬನ್ನು ಪಟ್ಟಿಯಿಂದ ತೆಗೆಯುವುದು ಮೊದಲು. ಮನೆಗೆ ಬಂದ ಮೇಲೆ `config.yaml`ನಲ್ಲಿ ಪಾಸ್‌ವರ್ಡ್ ಬದಲಿಸಿ ಎಡಿಟರನ್ನು ಮತ್ತೆ ಶುರುಮಾಡುವುದು ಎರಡನೆಯದು. ಹಾಗೆ ಮಾಡಿದರೆ ಟ್ಯಾಬ್‌ನಲ್ಲಿ ಉಳಿದ ಹಳೆಯ ಲಾಗಿನ್ ನಡೆಯುವುದಿಲ್ಲ. ಕೋಡ್ ಎಲ್ಲಾ ಮನೆಯಲ್ಲೇ ಇರುವುದರಿಂದ ಮೂರನೆಯ ಕೆಲಸ ಇಲ್ಲ.